ದಡಾರದ ಬಗ್ಗೆ ಪೋಷಕರಿಗೆ ಸೂಚನೆ: ಬುಧವಾರ ತಾಯಿ ಕಾರ್ಡ್ ತಪ್ಪದೆ ಕಳಿಸಿ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ತೀರ್ಥಹಳ್ಳಿ ತಾಲ್ಲೂಕು
ಸೋಮವಾರ, ಜನವರಿ 12, 2026

ಎಲ್ಲಾ ಪೋಷಕರಿಗೆ ನಮಸ್ಕಾರ.

ನಮ್ಮ ಶಾಲೆಯ ನಲಿ-ಕಲಿ ಕೊಠಡಿಯ ಒಂದು ಮಗುವಿಗೆ ದಡಾರ ಬಂದಿದೆ. ಲಕ್ಷಣ ನೋಡಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹೀಗೆ ಹೇಳಿದ್ದಾರೆ. ರಕ್ತದ ಮಾದರಿಯನ್ನೂ ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಬರಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಕಾಯುತ್ತಾ ಕೂರುವುದು ಬೇಡ. ಮಗು ಮನೆಯಲ್ಲಿ ಚಿಕಿತ್ಸೆ ಪಡೆಯುತ್ತಿದೆ, ಈಗ ಚೇತರಿಸಿಕೊಳ್ಳುತ್ತಿದೆ.

ಮಗು ಯಾರದು ಎಂದು ದಯವಿಟ್ಟು ವಿಚಾರಿಸಬೇಡಿ. ಗೊತ್ತಾದರೂ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಬೇಡಿ. ಇದರಲ್ಲಿ ಆ ಮನೆಯವರ ತಪ್ಪು ಏನೂ ಇಲ್ಲ. ಅವರು ಮುಚ್ಚಿಡದೆ ತಕ್ಷಣ ತಿಳಿಸಿದ್ದರಿಂದಲೇ ನಿಮಗೆ ಇವತ್ತು ಈ ಸೂಚನೆ ಕೊಡಲು ಆಗಿದೆ.

ಯಾರಿಗೆ ತಗುಲಿರಬಹುದು

ಮಗುವಿನ ಮೈಮೇಲೆ ದದ್ದು ಕಾಣಿಸಿದ್ದು ಶುಕ್ರವಾರ, 9ರಂದು. ದದ್ದು ಏಳುವ 4 ದಿನ ಮೊದಲಿನಿಂದ, ಎದ್ದ ಮೇಲೂ 4 ದಿನ ದಡಾರ ಬೇರೆಯವರಿಗೆ ಹರಡುತ್ತದೆ. ಆ ಮಗು 5, 6 ಮತ್ತು 7ನೇ ತಾರೀಖು, ಅಂದರೆ ಸೋಮವಾರದಿಂದ ಬುಧವಾರದವರೆಗೆ ಶಾಲೆಗೆ ಬಂದಿತ್ತು. ಆಗ ನೋಡಲು ಬರೀ ನೆಗಡಿ, ಕೆಮ್ಮು ಅಷ್ಟೆ. ಯಾರಿಗೂ ಅನುಮಾನ ಬರುವ ಹಾಗೆ ಇರಲಿಲ್ಲ.

1, 2 ಮತ್ತು 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುವುದರಿಂದ ಅವರೆಲ್ಲರಿಗೂ ಸಂಪರ್ಕ ಆಗಿದೆ. ಬಿಸಿಯೂಟಕ್ಕೆ ಎಲ್ಲರೂ ಒಂದೇ ಜಗಲಿಯಲ್ಲಿ ಕೂರುತ್ತಾರೆ, ಹಾಗಾಗಿ ದೊಡ್ಡ ತರಗತಿಯವರನ್ನೂ ಬಿಡುವಂತಿಲ್ಲ. ಬೆಳಿಗ್ಗೆ ಅದೇ ಓಮ್ನಿಯಲ್ಲಿ ಬರುವ ಮಕ್ಕಳು, ಕಾಂಪೌಂಡಿನೊಳಗಿನ ಅಂಗನವಾಡಿಯ ಪುಟಾಣಿಗಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಮುಟ್ಟಿದರೆ ಮಾತ್ರ ಬರುವ ಕಾಯಿಲೆ ಇದಲ್ಲ. ಕೆಮ್ಮಿದ ಗಾಳಿಯಲ್ಲಿ ವೈರಸ್ 2 ಗಂಟೆಯವರೆಗೂ ಇರಬಲ್ಲದು. ಲಸಿಕೆ ಆಗದ, ಹಿಂದೆ ದಡಾರ ಬಂದಿರದ 10 ಜನ ಹತ್ತಿರವಿದ್ದರೆ 9 ಜನರಿಗೆ ಹತ್ತುವಷ್ಟು ಜೋರು. ಎರಡು ಡೋಸ್ ಆಗಿರುವ ಮಕ್ಕಳಿಗೆ ಬರುವುದು ತೀರಾ ಅಪರೂಪ. ಅವರ ಬಗ್ಗೆ ಗಾಬರಿ ಬೇಡ, ಶಾಲೆಗೆ ಎಂದಿನಂತೆ ಕಳಿಸಿ.

ಇವತ್ತು ಅಥವಾ ನಾಳೆಯೇ ವೈದ್ಯರಿಗೆ ತಿಳಿಸಬೇಕಾದವರು

5ರಿಂದ 7ರ ನಡುವೆ ಶಾಲೆಗೋ ಅಂಗನವಾಡಿಗೋ ಬಂದಿದ್ದ ಗರ್ಭಿಣಿಯರು, 1 ವರ್ಷದೊಳಗಿನ ಕೂಸನ್ನು ಎತ್ತಿಕೊಂಡು ಬಂದಿದ್ದ ತಾಯಂದಿರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಬುಧವಾರದವರೆಗೆ ಕಾಯಬೇಡಿ. ಇಂಥವರಿಗೆ ಬೇಕೆನಿಸಿದರೆ ವೈದ್ಯರು ಬೇರೆ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಸಂಪರ್ಕ ಆದ 6 ದಿನದೊಳಗೆ ಕೊಡಬೇಕು. 7ಕ್ಕೆ ಬಂದಿದ್ದವರಿಗೆ ನಾಳೆ, 13ಕ್ಕೆ ಆ ಗಡುವು ಮುಗಿಯುತ್ತದೆ. ಗರ್ಭಿಣಿಯರು ದಡಾರದ ಲಸಿಕೆ ಹಾಕಿಸಿಕೊಳ್ಳುವಂತಿಲ್ಲ, ಅದಕ್ಕೇ ಮೊದಲು ವೈದ್ಯರನ್ನು ಕೇಳಿ.

ಲಸಿಕೆ ಪರಿಶೀಲನೆ

ಬುಧವಾರ, 14ರಂದು ಬೆಳಿಗ್ಗೆ 10 ಗಂಟೆಗೆ ಆರೋಗ್ಯ ಕೇಂದ್ರದ ಸಿಬ್ಬಂದಿ ಮತ್ತು ನಮ್ಮ ಆಶಾ ಕಾರ್ಯಕರ್ತೆ ಶಾಲೆಗೆ ಬರುತ್ತಾರೆ. ಪ್ರತಿ ಮಗುವಿನ ಕೈಯಲ್ಲೂ ತಾಯಿ ಕಾರ್ಡ್ ಕಳಿಸಿ. ಕಾರ್ಡ್ ಹರಿದುಹೋಗಿದ್ದರೆ, ಊರಲ್ಲಿ ಬಿಟ್ಟು ಬಂದಿದ್ದರೆ ಫೋಟೋ ತರಿಸಿಕೊಂಡು ನನಗೆ ವಾಟ್ಸಾಪ್ ಮಾಡಿ.

ಇವತ್ತು ಸಂಜೆಯೇ ಕಾರ್ಡ್ ತೆಗೆದು ನೀವೂ ನೋಡಿ. ಎಂಆರ್ ಅಥವಾ ದಡಾರ ಎಂದಿರುವ ಜಾಗದಲ್ಲಿ ಎರಡು ತಾರೀಖು ಇರಬೇಕು. ಮೊದಲನೆಯದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಎಂಎಂಆರ್ ಎಂದು ಬರೆದಿರುತ್ತಾರೆ, ಅದೂ ಲೆಕ್ಕಕ್ಕೆ ಬರುತ್ತದೆ. 1ನೇ ತರಗತಿಯ ಪೋಷಕರು ಎರಡನೇ ತಾರೀಖನ್ನು ಜಾಸ್ತಿ ಗಮನವಿಟ್ಟು ನೋಡಿ. ಈ ಮಕ್ಕಳ ಎರಡನೇ ಡೋಸಿನ ಸಮಯ ಕೋವಿಡ್ ದಿನಗಳಲ್ಲೇ ಬಂದಿತ್ತು. ದೊಡ್ಡ ತರಗತಿಯ ಕೆಲವು ಮಕ್ಕಳಿಗೆ 2017ರ ಫೆಬ್ರವರಿಯಲ್ಲಿ ಶುರುವಾದ ಅಭಿಯಾನದಲ್ಲೂ ಒಂದು ಡೋಸ್ ಹಾಕಿರಬಹುದು. ಅದು ತಾಯಿ ಕಾರ್ಡಿನಲ್ಲಿ ಇಲ್ಲದಿದ್ದರೂ ನೆನಪಿದ್ದರೆ ಸಿಬ್ಬಂದಿಗೆ ಹೇಳಿ.

ಒಂದು ಡೋಸ್ ಬಾಕಿ ಇದ್ದರೂ, ಎರಡೂ ಬಾಕಿ ಇದ್ದರೂ ಯಾರೂ ಬೈಯುವುದಿಲ್ಲ. ಈಗ ಹಾಕಿಸಿದ ಲಸಿಕೆ ಹೋದ ವಾರದ ಸಂಪರ್ಕದಿಂದ ಕಾಪಾಡುತ್ತದೆ ಎನ್ನಲು ಆಗುವುದಿಲ್ಲ, ಅದಕ್ಕೆ 3 ದಿನದೊಳಗೆ ಹಾಕಬೇಕಿತ್ತು. ಆದರೆ ಮನೆಯಲ್ಲಿ, ಕೇರಿಯಲ್ಲಿ ಎರಡನೇ ಸುತ್ತು ಹರಡಿದರೆ ಇದೇ ಕಾಯುವುದು. ಒಂದೂ ಡೋಸ್ ಆಗಿರದ ಮಕ್ಕಳನ್ನು ವೈದ್ಯರು ನೋಡಿ ಹೇಳುವವರೆಗೆ ಶಾಲೆಗೆ ಕಳಿಸಬೇಡಿ. ಬುಧವಾರ ಅವರ ಜೊತೆ ನೀವೇ ಬನ್ನಿ. ಹಾಜರಾತಿಯ ಚಿಂತೆ ಬೇಡ, ಪಾಠ ನಾವು ಹೇಳಿಕೊಡುತ್ತೇವೆ.

ಅಡಿಕೆ ಕೊಯ್ಲಿಗೆ ಬೇರೆ ಊರಿನಿಂದ ಬಂದವರ ಮಕ್ಕಳು ನಿಮ್ಮ ತೋಟದ ಬಿಡಾರದಲ್ಲಿದ್ದರೆ ಅವರನ್ನೂ ಕರೆತನ್ನಿ. ನಮ್ಮ ಶಾಲೆಯ ಮಕ್ಕಳಲ್ಲದಿದ್ದರೂ ಸರಿ. ದುಡ್ಡು ಕೊಡಬೇಕಿಲ್ಲ, ಈ ಊರಿನ ವಿಳಾಸವೂ ಬೇಕಿಲ್ಲ. ತೋಟದ ಯಜಮಾನರು ಅವರಿಗೆ ಅರ್ಧ ದಿನ ಬಿಡುವು ಕೊಟ್ಟು ಕಳಿಸಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ಜನವರಿ 28ರವರೆಗೆ ಏನು ಗಮನಿಸಬೇಕು

ಸಂಪರ್ಕ ಆದವರಿಗೆ ಸಾಮಾನ್ಯವಾಗಿ 10ರಿಂದ 14 ದಿನದಲ್ಲಿ ಲಕ್ಷಣ ಕಾಣುತ್ತದೆ, 21 ದಿನವೂ ಹಿಡಿಯಬಹುದು. ಮೊದಲು ಜೋರು ಜ್ವರ, ಒಣ ಕೆಮ್ಮು, ಸೋರುವ ಮೂಗು. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಬೆಳಕು ನೋಡಲು ಆಗುವುದಿಲ್ಲ. ಕೆನ್ನೆಯ ಒಳಗೆ ಸಣ್ಣ ಬಿಳಿ ಚುಕ್ಕೆ ಕಾಣಬಹುದು. ಮೂರು ನಾಲ್ಕು ದಿನದ ಮೇಲೆ ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ಕೆಂಪು ದದ್ದು ಶುರುವಾಗಿ ಮುಖ, ಎದೆ, ಕೈಕಾಲಿಗೆ ಇಳಿಯುತ್ತದೆ. ನೀರು ತುಂಬಿದ ಗುಳ್ಳೆ ಎದ್ದರೆ ಅದು ಬೇರೆ ಕಾಯಿಲೆ ಇರಬಹುದು, ಆದರೂ ತೋರಿಸಿ.

ಜ್ವರ ಬಂದ ದಿನವೇ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಿ, ದದ್ದು ಏಳಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೊರಡುವ ಮೊದಲು ಆಶಾ ಅವರಿಗೆ ಫೋನ್ ಮಾಡಿ, ಜನ ತುಂಬಿದ ಕೋಣೆಯಲ್ಲಿ ಕೂರದ ಹಾಗೆ ವ್ಯವಸ್ಥೆ ಮಾಡುತ್ತಾರೆ. ಬಸ್ಸು ಬೇಡ. ಇದು ನಮ್ಮಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. ಹಾಗಾಗಿ ಮಗು ಕಾಡಂಚಿಗೆ ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ ಅದನ್ನೂ ಹೇಳಿ. ಯಾವ ಜ್ವರ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಅಮ್ಮ ಆಗಿದೆ ಎಂದು ಬೇವಿನ ಸೊಪ್ಪು ಇಡುವುದು, ಹರಕೆ ಹೊರುವುದು ಅನೇಕ ಮನೆಗಳಲ್ಲಿದೆ. ಅದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಅದರ ಜೊತೆಗೆ ವೈದ್ಯರಿಗೂ ತೋರಿಸಲೇಬೇಕು. ಊಟ, ನೀರು ಕಟ್ಟಬೇಡಿ. ಗಂಜಿ, ಎಳನೀರು, ಮೆತ್ತಗಿನ ಅನ್ನ ಎಲ್ಲಾ ಕೊಡಿ, ಎದೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬೇಡಿ. ಆಸ್ಪಿರಿನ್ ಮಾತ್ರೆ ಕೊಡಲೇಬಾರದು. ದಡಾರ ಆದ ಮಕ್ಕಳಿಗೆ ವೈದ್ಯರು ಎರಡು ದಿನ ವಿಟಮಿನ್ ಎ ಕೊಡುತ್ತಾರೆ, ಕಣ್ಣು ಉಳಿಸಲು ಅದು ಬಹಳ ಮುಖ್ಯ. ಮನೆಯಲ್ಲಿ ತಾವೇ ಅಳತೆ ಮಾಡಿ ಹಾಕಬೇಡಿ.

ಉಸಿರು ವೇಗವಾದರೆ, ಎದೆ ಒಳಕ್ಕೆ ಎಳೆದುಕೊಂಡರೆ, ನೀರೂ ಕುಡಿಯದಿದ್ದರೆ, ಭೇದಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಕಣ್ಣಿನ ಕಪ್ಪು ಗುಡ್ಡೆ ಮಬ್ಬಾದರೆ ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್‌ಗೆ ಕಳಿಸುತ್ತಾರೆ.

ಸಂಕ್ರಾಂತಿಗೆ

ಗುರುವಾರ ಹಬ್ಬ. ಜ್ವರ, ಕೆಮ್ಮು ಇರುವ ಮಗುವನ್ನೂ ಲಸಿಕೆ ಆಗದ ಮಗುವನ್ನೂ ಈ ಸಲ ಎಳ್ಳು ಬೀರಲು ಮನೆ ಮನೆಗೆ ಕಳಿಸಬೇಡಿ. ಕೂಸು, ಬಸುರಿಯರು ಇರುವ ನೆಂಟರ ಮನೆಗೂ ಕರೆದುಕೊಂಡು ಹೋಗಬೇಡಿ.

ಶಾಲೆ ಮುಚ್ಚುವುದಿಲ್ಲ. ಕೊಠಡಿಗಳ ಕಿಟಕಿ, ಬಾಗಿಲು ಪೂರ್ತಿ ತೆರೆದಿಡುತ್ತೇವೆ. ಬಿಸಿಯೂಟ ತರಗತಿವಾರು ಬೇರೆ ಬೇರೆ ಹೊತ್ತಿಗೆ ನಡೆಯುತ್ತದೆ. ಮಗುವಿಗೆ ಜ್ವರ ಬಂದರೆ ರಾತ್ರಿ 9ರವರೆಗೆ ನನಗೆ ನೇರವಾಗಿ ಫೋನ್ ಮಾಡಬಹುದು, ನಂಬರ್ ಎಲ್ಲರ ಹತ್ತಿರವೂ ಇದೆ. ಓದಲು ಕಷ್ಟವಾಗುವ ಅಜ್ಜ ಅಜ್ಜಿಯರ ಜೊತೆ ಇರುವ ಮಕ್ಕಳ ಮನೆಗೆ ಶಿಕ್ಷಕರು ನಾಳೆ ಬಂದು ಇದನ್ನು ಓದಿ ಹೇಳುತ್ತಾರೆ.

ಮುಖ್ಯ ಶಿಕ್ಷಕಿ