ಆರು ಪೀಠೋಪಕರಣಗಳ 3ಡಿ ಚಿತ್ರಗಳಿಗೆ ಪ್ರಸ್ತಾವ ಮತ್ತು ದರ

ನಮಸ್ಕಾರ ಸರ್,

ಮಂಗಳವಾರ ಸಾಗರ ರಸ್ತೆಯ ನಿಮ್ಮ ವರ್ಕ್‌ಶಾಪ್‌ನಲ್ಲಿ ಮಾತಾಡಿದ್ದನ್ನೇ ಇಲ್ಲಿ ಲೆಕ್ಕದ ಸಮೇತ ಬರೆದಿದ್ದೇನೆ. ಆರ್ಡರ್ ಬರುವ ಮೊದಲೇ ಸಾಮಾನು ಮಾಡಿ ಫೋಟೋ ತೆಗೆಸುವುದು ನಿಮಗೆ ಭಾರ ಅಂದಿರಿ. ಅದಕ್ಕೇ ಈ ಪ್ಯಾಕೇಜ್.

ಏನೇನು ಮಾಡುತ್ತೇನೆ

ಆರು ಜನರ ಡೈನಿಂಗ್ ಟೇಬಲ್, ಅದರ ಕುರ್ಚಿ, ಮಂಚ, ಟಿವಿ ಯೂನಿಟ್, ಶೂ ರ್‍ಯಾಕ್, ಪೂಜಾ ಮಂಟಪ. ಉಯ್ಯಾಲೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಸಿದ್ಧವಾಗಿ ನಿಂತಿದೆ, ಒಳ್ಳೆಯ ಫೋಟೋ ಸಾಕು, ಸುಮ್ನೆ ಯಾಕೆ ಖರ್ಚು?

ಪ್ರತಿ ಸಾಮಾನಿಗೂ ಬಿಳಿ ಹಿನ್ನೆಲೆಯಲ್ಲಿ ಎರಡು ಕೋನದ ಚಿತ್ರ, ಜೊತೆಗೆ ಕಡು ಪಾಲಿಶ್‌ನಲ್ಲಿ ಒಂದು. ಎಲ್ಲವೂ 2000×2000 ಪಿಕ್ಸೆಲ್. ಟೇಬಲ್ ಮತ್ತು ಕುರ್ಚಿ ಸೇರಿ ಒಂದು, ಮಂಚಕ್ಕೆ ಒಂದು, ಮಂಟಪಕ್ಕೆ ಒಂದು, ಹೀಗೆ ಮನೆಯೊಳಗಿನ ಮೂರು ದೃಶ್ಯ. ಮಂಟಪದ ದೃಶ್ಯಕ್ಕೆ ರೆಡ್ ಆಕ್ಸೈಡ್ ನೆಲ ಹಾಕೋಣ. ನಿಮ್ಮ ಗಿರಾಕಿಗಳ ಮನೆ ಹಾಗೇ ಇರುತ್ತದೆ ಅಲ್ವಾ?

ಮರದ ಎಳೆಯ ವಿಷಯ ಒಂದು ಹೇಳಲೇಬೇಕು. ನೆಟ್‌ನಲ್ಲಿ ಸಿಗುವ ತೇಗದ ಚಿತ್ರ ಅಂಟಿಸಿದರೆ ಟೇಬಲ್‌ನ ಐದೂ ಹಲಗೆಯಲ್ಲಿ ಅದೇ ಗಂಟು, ಅದೇ ಜಾಗದಲ್ಲಿ ಕಾಣಿಸುತ್ತದೆ. ಮರ ಗೊತ್ತಿರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಹಾಗಾಗಿ ಪಾಲಿಶ್ ಮಾಡಿದ ನಿಮ್ಮದೇ ಐದು ಹಲಗೆಗಳ ಫೋಟೋ ಬೇಕು. ನೆರಳಲ್ಲಿ, ಫ್ಲಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಹಲಗೆಯ ತುದಿಯಲ್ಲಿ ಕಾಣುವ ಅಡ್ಡ ಕೊಯ್ತದ ಫೋಟೋವೂ ಒಂದಿರಲಿ. ಅಳತೆಗಳನ್ನು ಆವತ್ತೇ ಬರೆದುಕೊಂಡಿದ್ದೇನೆ. ಮಂಟಪದ ಕೆತ್ತನೆಯ ಡ್ರಾಯಿಂಗ್ ಮಾತ್ರ ಬಾಕಿ.

ತಿದ್ದುಪಡಿ

ಮೊದಲು ಬಣ್ಣವಿಲ್ಲದ ಬೂದು ಮಾದರಿ ಕಳಿಸುತ್ತೇನೆ. ಆಕಾರ, ಅಳತೆ ಏನಿದ್ದರೂ ಈ ಹಂತದಲ್ಲಿ ಹೇಳಿ, ಎರಡು ಸುತ್ತು ತಿದ್ದಿಕೊಡುತ್ತೇನೆ. ಪಾಲಿಶ್, ಬೆಳಕು, ಕೋನಕ್ಕೆ ಆಮೇಲೆ ಇನ್ನೊಂದು ಸುತ್ತು. ನನ್ನ ತಪ್ಪನ್ನು ಸರಿಮಾಡುವುದು ಲೆಕ್ಕಕ್ಕಿಲ್ಲ. ಮಾದರಿ ಒಪ್ಪಿದ ಮೇಲೆ ಕಾಲಿನ ವಿನ್ಯಾಸವೇ ಬದಲಾದರೆ ಸಾಮಾನಿಗೆ ₹1,200. ಬಣ್ಣದ ಸುತ್ತು ಮುಗಿದ ಮೇಲೂ ಬದಲಾವಣೆ ಬೇಕಾದರೆ ಚಿತ್ರಕ್ಕೆ ₹400.

ತಿದ್ದುಪಡಿ ಎಲ್ಲ ಸೇರಿಸಿ ಒಂದೇ ವಾಟ್ಸಾಪ್ ಮೆಸೇಜ್‌ನಲ್ಲಿ, ನಿಮ್ಮಿಂದಲೇ ಬರಲಿ. ಹಿಂದೆ ಒಂದು ಕೆಲಸದಲ್ಲಿ ಅಪ್ಪ ತಿಳಿ ಬಣ್ಣ ಅಂದರು, ಮಗ ಕಡು ಬಣ್ಣ ಅಂದ. ಹತ್ತು ದಿನ ಅದರಲ್ಲೇ ಹೋಯಿತು.

ದರ

| ಕೆಲಸ | ಮೊತ್ತ |
|---|---|
| ಸಾದಾ ಮಾದರಿ, 5 × ₹2,500 | ₹12,500 |
| ಕೆತ್ತನೆಯ ಮಂಟಪ | ₹6,000 |
| ಬಿಳಿ ಹಿನ್ನೆಲೆ, 12 × ₹500 | ₹6,000 |
| ಕಡು ಪಾಲಿಶ್, 6 × ₹300 | ₹1,800 |
| ಮನೆಯ ದೃಶ್ಯ, 3 × ₹3,000 | ₹9,000 |
| ಒಟ್ಟು | ₹35,300 |

ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಇದರ ಮೇಲೆ ತೆರಿಗೆ ಸೇರುವುದಿಲ್ಲ. ಮಂಟಪಕ್ಕೆ ಜಾಸ್ತಿ ಅನಿಸಬಹುದು. ಬಳ್ಳಿ, ಗೋಪುರ ಎಲ್ಲ ಕೈಯಲ್ಲೇ ಮೂಡಿಸಬೇಕು, ಕೆತ್ತುವವರಿಗೆ ನೀವು ಕೊಡುವ ಕೂಲಿ ನೆನೆಸಿಕೊಳ್ಳಿ!

ಮುಂಗಡ ₹14,000, ಬೂದು ಮಾದರಿ ಒಪ್ಪಿದಾಗ ₹11,000, ಉಳಿದ ₹10,300 ಕೊನೆಯ ಫೈಲ್ ಕೊಡುವ ಮುಂಚೆ. ಮುಂಗಡ, ಹಲಗೆ ಫೋಟೋ, ಡ್ರಾಯಿಂಗ್ ಮೂರೂ ಕೈಸೇರಿದ ದಿನದಿಂದ 18 ಕೆಲಸದ ದಿನ. ನೀವು ನೋಡಿ ಹೇಳಲು ತೆಗೆದುಕೊಳ್ಳುವ ದಿನಗಳು ಇದರಲ್ಲಿ ಸೇರಿಲ್ಲ.

ಹಣ ಪೂರ್ತಿಯಾದ ಮೇಲೆ ಚಿತ್ರಗಳು ನಿಮ್ಮವು. ಕ್ಯಾಟಲಾಗ್, ಬ್ಯಾನರ್, ಆನ್‌ಲೈನ್, ಎಲ್ಲಿ ಬೇಕಾದರೂ ಬಳಸಿ. 3ಡಿ ಫೈಲ್‌ಗಳು ನನ್ನ ಬಳಿ ಇರುತ್ತವೆ, ಬೇರೆ ಯಾವ ವರ್ಕ್‌ಶಾಪ್‌ಗೂ ಕೊಡುವುದಿಲ್ಲ.

ಈ ದರ 15 ದಿನ ಇರುತ್ತದೆ. ಒಪ್ಪಿಗೆ ಇದ್ದರೆ ಇದೇ ಮೆಸೇಜ್‌ಗೆ "ಸರಿ" ಅಂತ ಉತ್ತರಿಸಿ ಮುಂಗಡ ಕಳಿಸಿ. ಮೊದಲು ಕುರ್ಚಿಯಿಂದ ಶುರು ಮಾಡುತ್ತೇನೆ.