ಅಭ್ಯಾಸ ಹಾಳೆ 4: ವರ್ಗ ಪೂರ್ಣಗೊಳಿಸುವುದು, ಚಿಹ್ನೆ ತಪ್ಪು ಹಿಡಿಯುವುದು

ಪ್ರಥಮ ಪಿಯುಸಿ, ಸಂಜೆ ಬ್ಯಾಚ್, ಕೋಲಾರ
ಸಮಯ: 40 ನಿಮಿಷ. ಕ್ಯಾಲ್ಕುಲೇಟರ್ ಬೇಡ.

ಕಳೆದ ಟೆಸ್ಟ್‌ನ ಪೇಪರ್ ತಿದ್ದುವಾಗ ಒಂದು ವಿಷಯ ಗಮನಿಸಿದೆ. ವಿಧಾನ ಎಲ್ಲರಿಗೂ ಗೊತ್ತಿದೆ. ಮಾರ್ಕ್ಸ್ ಹೋಗುತ್ತಿರುವುದು ಒಂದೇ ಜಾಗದಲ್ಲಿ: x ನ ಸಹಗುಣಕವನ್ನು ಅರ್ಧ ಮಾಡುವಾಗ ಅದರ ಮೈನಸ್ ಎಲ್ಲೋ ಬಿದ್ದುಹೋಗುತ್ತಿದೆ. ಅದಕ್ಕೇ ಈ ಹಾಳೆ.

ಮಾಡಿ ತೋರಿಸಿದ ಲೆಕ್ಕ

x² − 6x + 5 ಅನ್ನು (x − h)² + k ರೂಪಕ್ಕೆ ತರಬೇಕು.

ಸಹಗುಣಕ −6. 6 ಅಲ್ಲ, −6. ಚಿಹ್ನೆ ಸಮೇತ ಒಂದು ಸುತ್ತು ಹಾಕಿಕೊಳ್ಳಿ.
ಅದರ ಅರ್ಧ −3. ಇದೇ ಕಂಸದ ಒಳಗೆ x ಪಕ್ಕ ಕೂರುತ್ತದೆ.
−3 ರ ವರ್ಗ +9. ಇದನ್ನು ಕೂಡಿಸಿ, ಅಲ್ಲೇ ಕಳೆಯಿರಿ.

x² − 6x + 9 − 9 + 5 = (x − 3)² − 4

ಶೃಂಗ (3, −4). ಕಂಸದಲ್ಲಿ −3 ಇದೆ, ಶೃಂಗದಲ್ಲಿ 3. ಕಂಸ ಸೊನ್ನೆ ಆಗಬೇಕಾದರೆ x ಎಷ್ಟಿರಬೇಕು ಎಂದು ಕೇಳಿಕೊಂಡರೆ ಸಾಕು, ಬಾಯಿಪಾಠ ಬೇಕಾಗಿಲ್ಲ.

ತಾಳೆ ನೋಡುವುದು

ನಿಮ್ಮಲ್ಲಿ ಸುಮಾರು ಜನ x = 0 ಹಾಕಿ ನೋಡಿ ಸುಮ್ಮನಾಗುತ್ತೀರಿ. ಅದು ಸಾಲದು. ಮೇಲಿನ ಲೆಕ್ಕಕ್ಕೆ ಯಾರೋ (x + 3)² − 4 ಎಂದು ಬರೆದರು ಅಂದುಕೊಳ್ಳಿ. x = 0 ಹಾಕಿದರೆ 9 − 4 = 5. ಮೂಲದಲ್ಲೂ 5. ಸರಿ ಇದೆ ಅನ್ನಿಸುತ್ತದೆ, ಅಲ್ವಾ? +3 ಆದರೂ −3 ಆದರೂ ವರ್ಗ 9 ತಾನೇ, ಹಾಗಾಗಿ ಸೊನ್ನೆಗೆ ಈ ತಪ್ಪು ಕಾಣುವುದೇ ಇಲ್ಲ.

ಈಗ x = 1 ಹಾಕಿ. ಮೂಲ: 1 − 6 + 5 = 0. ಬರೆದದ್ದು: 16 − 4 = 12. ಸಿಕ್ಕಿಬಿತ್ತು.

ಆದ್ದರಿಂದ ಎರಡೂ ಹಾಕಿ. x² ನ ಸಹಗುಣಕ ಎರಡೂ ಕಡೆ ಒಂದೇ ಇದ್ದು, 0 ಮತ್ತು 1 ಎರಡಕ್ಕೂ ತಾಳೆಯಾದರೆ ರೂಪ ಖಂಡಿತ ಸರಿ. ಯಾಕೆಂದರೆ ಎರಡರ ವ್ಯತ್ಯಾಸದಲ್ಲಿ x² ಉಳಿಯುವುದಿಲ್ಲ. ಉಳಿಯುವ mx + n ಎರಡು ಕಡೆ ಸೊನ್ನೆಯಾದರೆ ಪೂರ್ತಿ ಸೊನ್ನೆಯೇ.

ಭಾಗ 1. ಶೃಂಗ ರೂಪಕ್ಕೆ ತನ್ನಿ, ಶೃಂಗ ಬರೆಯಿರಿ

1. x² + 8x + 3
2. x² − 10x + 21
3. x² − 7x + 1 (ಭಿನ್ನರಾಶಿ ಬಂದರೆ ಗಾಬರಿ ಬೇಡ, 3.5 ಎಂದು ಬರೆಯಲೂ ಬೇಡ)
4. 3x² + 12x − 2

ಭಾಗ 2. ತಪ್ಪು ಎಲ್ಲಿದೆ?

ಒಂದು ಉತ್ತರ ಪೂರ್ತಿ ಸರಿ ಇದೆ. ಉಳಿದವುಗಳಲ್ಲಿ ಯಾವ ಹೆಜ್ಜೆ ತಪ್ಪಿದೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಸುಮ್ನೆ 'ತಪ್ಪು' ಎಂದು ಬರೆದರೆ ಅಂಕ ಇಲ್ಲ.

ಅ) x² − 8x + 10 = (x − 4)² + 26
ಆ) x² − 4x + 9 = (x + 2)² + 5
ಇ) 2x² − 12x + 7 = 2(x − 3)² − 2
ಈ) x² + 10x + 30 = (x + 5)² + 5, ಶೃಂಗ (5, 5)
ಉ) x² − 3x + 2 = (x − 3/2)² − 1/4

ಭಾಗ 3

ಕುರಿ ದೊಡ್ಡಿಗೆ 40 ಮೀಟರ್ ತಂತಿ ಬೇಲಿ ಇದೆ. ದೊಡ್ಡಿ ಆಯತಾಕಾರ, ನಾಲ್ಕೂ ಕಡೆ ಬೇಲಿ. ಒಂದು ಬದಿ x ಮೀಟರ್ ಆದರೆ ವಿಸ್ತೀರ್ಣ −x² + 20x ಎಂದು ತೋರಿಸಿ. ಅತಿ ಹೆಚ್ಚು ವಿಸ್ತೀರ್ಣ ಎಷ್ಟು? ಮೈನಸ್ ಹೊರಗೆ ತೆಗೆಯುವಾಗ ಒಳಗಿನ 20x ನ ಚಿಹ್ನೆಯೂ ಬದಲಾಗಬೇಕು, ನೆನಪಿರಲಿ.

ಉತ್ತರಗಳು (ಮಾಡಿದ ಮೇಲೆ ನೋಡಿ)

1. (x + 4)² − 13, ಶೃಂಗ (−4, −13)
2. (x − 5)² − 4, ಶೃಂಗ (5, −4)
3. (x − 7/2)² − 45/4, ಶೃಂಗ (7/2, −45/4)
4. 3(x + 2)² − 14, ಶೃಂಗ (−2, −14)

ಅ) 16 ಕಳೆಯುವ ಬದಲು ಕೂಡಿಸಿದ್ದಾರೆ. ಸರಿಯಾದದ್ದು (x − 4)² − 6.
ಆ) ಅರ್ಧ −2, ಅದನ್ನು +2 ಮಾಡಿದ್ದಾರೆ. ಸರಿಯಾದದ್ದು (x − 2)² + 5. x = 0 ಇಲ್ಲಿ ನಿಮ್ಮನ್ನು ಏಮಾರಿಸುತ್ತದೆ.
ಇ) ಒಳಗಿನ 9 ಹೊರಗೆ ಬರುವಾಗ 2 ರಿಂದ ಗುಣಿಸಿ 18 ಆಗಬೇಕಿತ್ತು. ಸರಿಯಾದದ್ದು 2(x − 3)² − 11.
ಈ) ರೂಪ ಸರಿ, ಶೃಂಗ ತಪ್ಪು. (−5, 5) ಆಗಬೇಕು. 0, 1 ಹಾಕಿದರೆ ಇದು ಸಿಗುವುದಿಲ್ಲ; ಮೂಲದಲ್ಲಿ x = 5 ಹಾಕಿ, 105 ಬರುತ್ತದೆ, 5 ಅಲ್ಲ.
ಉ) ಸರಿ ಇದೆ.

ಭಾಗ 3: ಇನ್ನೊಂದು ಬದಿ 20 − x. ವಿಸ್ತೀರ್ಣ −(x² − 20x) = −(x − 10)² + 100. x = 1 ಹಾಕಿದರೆ ಎರಡೂ ಕಡೆ 19. ಬದಿ 10 ಮೀಟರ್ ಆದಾಗ ಅತಿ ಹೆಚ್ಚು, 100 ಚದರ ಮೀಟರ್. ದೊಡ್ಡಿ ಚೌಕವಾಯಿತು.