ಇನ್ಸುಲಿನ್ ಆರಂಭಿಸಿದ ರೋಗಿಗೆ ಮನೆಗೆ ಹೋಗುವಾಗ ಕೊಡುವ ಸೂಚನೆಗಳು

ಬಿಡುಗಡೆಯ ದಿನ: 2025 ಮೇ 20, ಮಂಗಳವಾರ
ರೋಗಿ: ಪುರುಷ, 58 ವರ್ಷ, ಅಡಿಕೆ ತೋಟದ ಕೆಲಸ, ಬದಿಯಡ್ಕದ ಹತ್ತಿರದ ಹಳ್ಳಿ
ಕಾಯಿಲೆ: ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳಿನಲ್ಲಿ ಮುಳ್ಳು ಚುಚ್ಚಿ ಆದ ಗಾಯ

ಈ ಕಾಗದವನ್ನು ನೀವು ಮತ್ತು ನಿಮ್ಮ ಮನೆಯವರು ಕೂಡಿ ಓದಿರಿ. ಮನೆಯಲ್ಲಿ ಅಥವಾ ನೆರೆಯಲ್ಲಿ ತುಳು, ಮಲಯಾಳ ಮಾತನಾಡುವವರು ನಿಮಗೆ ಸಹಾಯ ಮಾಡುವುದಿದ್ದರೆ ಅವರಿಗೂ ಒಂದೊಂದೇ ವಾಕ್ಯವನ್ನು ಓದಿ ತಿಳಿಸಿರಿ. ವಾಕ್ಯಗಳನ್ನು ಅದಕ್ಕಾಗಿಯೇ ಆದಷ್ಟು ಚಿಕ್ಕದಾಗಿ ಬರೆದಿದ್ದೇವೆ.

ಇನ್ಸುಲಿನ್ ಏಕೆ

ನೀವು ಆಸ್ಪತ್ರೆಗೆ ಬಂದ ದಿನ ಬರಿ ಹೊಟ್ಟೆಯ ಸಕ್ಕರೆ 286 ಇತ್ತು. ಸಕ್ಕರೆ ಅಷ್ಟು ಏರಿದ್ದರೆ ಗಾಯ ಬೇಗ ಮಾಯುವುದಿಲ್ಲ. ಮಾತ್ರೆ ಮಾತ್ರ ಸಾಲದೆ ಇದ್ದುದರಿಂದ ಇನ್ಸುಲಿನ್ ಆರಂಭಿಸಿದೆವು. ಇನ್ಸುಲಿನ್ ಹಿಡಿಯಿತೆಂದರೆ ಕಾಯಿಲೆ ಕೊನೆಯ ಹಂತಕ್ಕೆ ಬಂತು ಎಂದು ಊರಿನಲ್ಲಿ ಹೇಳುವವರು ಇದ್ದಾರೆ. ಅದು ಸರಿಯಲ್ಲ, ಆ ಮಾತು ಕೇಳಿ ಮದ್ದು ನಿಲ್ಲಿಸಬೇಡಿ. ಇನ್ಸುಲಿನ್ ನಮ್ಮ ದೇಹದಲ್ಲಿಯೇ ಹುಟ್ಟುವ ವಸ್ತು. ನಿಮ್ಮ ದೇಹದಲ್ಲಿ ಅದು ಕಡಿಮೆಯಾಗಿದೆ, ಆದ್ದರಿಂದ ಹೊರಗಿನಿಂದ ಕೊಡುತ್ತೇವೆ.

ಎಷ್ಟು, ಯಾವಾಗ

ನಿಮ್ಮ ಇನ್ಸುಲಿನ್ 30/70 ಎಂಬ ಮಿಶ್ರಣ. ಬೆಳಿಗ್ಗೆ 16 ಯುನಿಟ್. ರಾತ್ರಿ 10 ಯುನಿಟ್. ಬೆಳಿಗ್ಗೆ 7.30ಕ್ಕೆ ಚುಚ್ಚಿಕೊಂಡು 8 ಗಂಟೆಗೆ ತಿಂಡಿ ತಿನ್ನಿರಿ. ರಾತ್ರಿ 7.30ಕ್ಕೆ ಚುಚ್ಚಿಕೊಂಡು 8 ಗಂಟೆಗೆ ಊಟ ಮಾಡಿರಿ. ಚುಚ್ಚುವ ಮೊದಲು ಒಲೆಯ ಮೇಲೆ ಊಟ ಸಿದ್ಧವಾಗಿದೆಯೇ ಎಂದು ಕೇಳಿಕೊಳ್ಳಿರಿ. ಊಟ ಮಾಡುವುದಿಲ್ಲವೆಂದಾದರೆ ಆ ಹೊತ್ತಿನ ಇನ್ಸುಲಿನ್ ಚುಚ್ಚಬೇಡಿ. ವಾರ್ಡಿಗೆ ಫೋನ್ ಮಾಡಿ ಕೇಳಿರಿ. ಫೋನ್ ಸಂಖ್ಯೆ ನಿಮ್ಮ ಡಿಸ್ಚಾರ್ಜ್ ಚೀಟಿಯ ಮೇಲೆ ಇದೆ.

ಚುಚ್ಚಲು ಮರೆತು ಊಟ ಮುಗಿಸಿದ ಕೂಡಲೇ ನೆನಪಾದರೆ ಆಗಲೇ ಚುಚ್ಚಿಕೊಳ್ಳಬಹುದು. ಹಲವು ಗಂಟೆ ಕಳೆದಿದ್ದರೆ ಅದನ್ನು ಬಿಟ್ಟುಬಿಡಿ, ಮುಂದಿನ ಹೊತ್ತಿನದನ್ನು ಎಂದಿನ ಅಳತೆಯಲ್ಲಿ ತೆಗೆದುಕೊಳ್ಳಿರಿ. ಎರಡು ಹೊತ್ತಿನದನ್ನು ಎಂದಿಗೂ ಒಟ್ಟಿಗೆ ಚುಚ್ಚಬಾರದು.

ಮೆಟ್‌ಫಾರ್ಮಿನ್ 500 ಮಾತ್ರೆಯನ್ನು ಬೆಳಿಗ್ಗೆ ಮತ್ತು ರಾತ್ರಿ ಊಟವಾದ ಮೇಲೆ ಒಂದೊಂದು ನುಂಗಿರಿ. ಗ್ಲಿಮೆಪಿರೈಡ್ ಮಾತ್ರೆಯನ್ನು ನಾವು ನಿಲ್ಲಿಸಿದ್ದೇವೆ. ಮನೆಯಲ್ಲಿ ಅದು ಉಳಿದಿದೆ ಎಂದು ನಿಮ್ಮ ಮಗ ಹೇಳಿದ್ದಾರೆ. ಅದನ್ನು ಇಂದೇ ಬೇರೆಯಾಗಿ ತೆಗೆದಿಡಿ, ಏಕೆಂದರೆ ಇನ್ಸುಲಿನ್ ಜೊತೆಗೆ ಅದನ್ನೂ ನುಂಗಿದರೆ ಸಕ್ಕರೆ ತೀರ ಕೆಳಗಿಳಿಯಬಹುದು. ಗಾಯಕ್ಕೆ ಕೊಟ್ಟ ಮಾತ್ರೆಯನ್ನು ಏಳು ದಿನ ಪೂರ್ತಿ ನುಂಗಿರಿ.

ಸಿರಿಂಜಿನ ವಿಷಯ

ಇದನ್ನು ಎಲ್ಲಕ್ಕಿಂತ ಗಮನವಿಟ್ಟು ಓದಬೇಕು. ನಿಮ್ಮ ಬಾಟಲಿಯ ಮೇಲೆ 40 ಎಂದು ಬರೆದಿದೆ. ನಿಮಗೆ ಕೆಂಪು ಮುಚ್ಚಳದ 40ರ ಸಿರಿಂಜ್ ಮಾತ್ರ ಸರಿ. ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್ 100ರ ಇನ್ಸುಲಿನ್‌ಗೆ ಇರುವುದು. ಅದರಲ್ಲಿ ತುಂಬಿದರೆ ಅಳತೆ ತಪ್ಪುತ್ತದೆ. ಪೆನ್ನಿನೊಳಗಿನ ಇನ್ಸುಲಿನ್ 100ರದು. ಅದನ್ನು ನಿಮ್ಮ ಸಿರಿಂಜಿಗೆ ಎಳೆದುಕೊಂಡರೆ ಬೇಕಾದುದರ ಎರಡೂವರೆ ಪಟ್ಟು ಮದ್ದು ದೇಹಕ್ಕೆ ಹೋಗುತ್ತದೆ. ಕಾಸರಗೋಡಿನ ಅಂಗಡಿಯಲ್ಲಿ ಸಿಗದೆ ಮಂಗಳೂರಿನಿಂದ ಯಾರಾದರೂ ತಂದುಕೊಟ್ಟರೆ, ಕಂಪನಿಯ ಹೆಸರು ಬೇರೆಯಿರಬಹುದು. ಹೆಸರಿಗಿಂತ 40 ಮತ್ತು 30/70 ಎಂಬ ಎರಡು ಅಂಕೆಗಳನ್ನು ನೋಡಿರಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಚುಚ್ಚಬೇಡಿ.

ನಿಮ್ಮ ಕಣ್ಣು ಮಂದವಾಗಿದೆ, ಸಿರಿಂಜಿನ ಗೆರೆ ನಿಮಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಸಿರಿಂಜ್ ತುಂಬುವ ಕೆಲಸವನ್ನು ನಿಮ್ಮ ಹೆಂಡತಿಯವರು ಮಾಡಬೇಕು. ಅವರು ವಾರ್ಡಿನಲ್ಲಿ ನಮ್ಮೆದುರು ಸರಿಯಾಗಿಯೇ ತುಂಬಿ ತೋರಿಸಿದ್ದಾರೆ. ಅವರು ಮನೆಯಲ್ಲಿ ಇಲ್ಲದ ದಿನ ಮಗ ತುಂಬಲಿ. ಅಂದಾಜಿನಲ್ಲಿ ನೀವೇ ತುಂಬಿಕೊಳ್ಳಬೇಡಿ.

ತುಂಬುವ ಮತ್ತು ಚುಚ್ಚುವ ಕ್ರಮ

ಮೊದಲು ಕೈಯನ್ನು ಸೋಪು ಹಾಕಿ ತೊಳೆದು ಒರಸಿಕೊಳ್ಳಿರಿ. ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹತ್ತು ಸಲ ಮೆಲ್ಲನೆ ಉರುಳಿಸಿ, ಮತ್ತೆ ಹತ್ತು ಸಲ ಮೇಲೆ ಕೆಳಗೆ ಮಗುಚಿರಿ. ಜೋರಾಗಿ ಕುಲುಕಬೇಡಿ. ಮದ್ದು ಹಾಲಿನಂತೆ ಒಂದೇ ಸಮನಾಗಿ ಬಿಳಿಯಾಗಬೇಕು. ತಳದಲ್ಲಿ ಗಂಟು ಉಳಿದರೆ ಅಥವಾ ಗಾಜಿಗೆ ಬಿಳಿಯ ಹರಳು ಅಂಟಿಕೊಂಡರೆ ಆ ಬಾಟಲಿ ಹಾಳಾಗಿದೆ.

ಬಾಟಲಿಯ ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರಸಿರಿ. ಬೆಳಿಗ್ಗೆಯಾದರೆ ಸಿರಿಂಜಿಗೆ 16ರ ಗೆರೆಯವರೆಗೆ ಗಾಳಿ ಎಳೆದು, ಆ ಗಾಳಿಯನ್ನು ಬಾಟಲಿಯೊಳಗೆ ತಳ್ಳಿರಿ. ಬಾಟಲಿಯನ್ನು ತಲೆಕೆಳಗು ಮಾಡಿ 16ರ ಗೆರೆಯವರೆಗೆ ಮದ್ದು ಎಳೆಯಿರಿ. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ, ಗುಳ್ಳೆಯನ್ನು ಬಾಟಲಿಗೆ ಹಿಂದೆ ತಳ್ಳಿ, ಮತ್ತೆ 16ಕ್ಕೆ ಸರಿಮಾಡಿರಿ. ರಾತ್ರಿ ಇದೇ ಕ್ರಮದಲ್ಲಿ 10ರ ಗೆರೆ.

ಹೊಟ್ಟೆಯಲ್ಲಿ ಚುಚ್ಚಿರಿ. ಹೊಕ್ಕುಳಿನಿಂದ ಮೂರು ಬೆರಳು ದೂರವಿರಲಿ. ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲನೆ ಎತ್ತಿ ಹಿಡಿದು, ಸೂಜಿಯನ್ನು ನೆಟ್ಟಗೆ ಚುಚ್ಚಿ, ಮದ್ದನ್ನು ನಿಧಾನವಾಗಿ ತಳ್ಳಿರಿ. ಮನಸ್ಸಿನಲ್ಲಿ ಹತ್ತು ಎಣಿಸಿದ ಮೇಲೆ ಸೂಜಿ ತೆಗೆಯಿರಿ. ಒಂದು ಹನಿ ರಕ್ತ ಬಂದರೆ ಹೆದರಬೇಡಿ, ಹತ್ತಿಯಿಂದ ಒತ್ತಿ ಹಿಡಿದರೆ ಸಾಕು, ತಿಕ್ಕಬೇಡಿ. ದಿನವೂ ಜಾಗವನ್ನು ಒಂದು ಬೆರಳಿನಷ್ಟು ಸರಿಸುತ್ತ ಹೋಗಿರಿ. ಒಂದೇ ಜಾಗದಲ್ಲಿ ಚುಚ್ಚಿದರೆ ಅಲ್ಲಿ ನೋವಿಲ್ಲದ ಗಡ್ಡೆ ಏಳುತ್ತದೆ, ನೋವಿಲ್ಲವೆಂದು ಜನ ಅಲ್ಲಿಯೇ ಚುಚ್ಚುತ್ತಾರೆ, ಆದರೆ ಅಲ್ಲಿಂದ ಮದ್ದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಒಂದು ಸೂಜಿಯನ್ನು ಒಂದೇ ಸಲ ಬಳಸಿರಿ. ಬೇರೆಯವರಿಗೆ ಕೊಡಬೇಡಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿಡಿ, ತುಂಬಿದಾಗ ಕುಟುಂಬ ಆರೋಗ್ಯ ಕೇಂದ್ರಕ್ಕೆ ತಂದುಕೊಡಿ. ತೋಟದ ಗೊಬ್ಬರದ ಗುಂಡಿಗೂ ತೋಡಿಗೂ ಎಸೆಯಬೇಡಿ. ಅಲ್ಲಿ ಬರಿಗಾಲಿನಲ್ಲಿ ನಡೆಯುವವರು ಬೇರೆಯವರೂ ಇದ್ದಾರೆ.

ಬಾಟಲಿಯನ್ನು ಇಡುವುದು

ನಿಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ತೆರೆಯದ ಬಾಟಲಿಯನ್ನು ನೆರೆಮನೆಯ ಫ್ರಿಜ್‌ನಲ್ಲಿ, ಬಾಗಿಲಿನ ಅಡ್ಡೆಯಲ್ಲಿ ಇಡಿಸಿರಿ. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡಬಾರದು. ಒಮ್ಮೆ ಮಂಜುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬಳಸುತ್ತಿರುವ ಬಾಟಲಿಗೆ ಎರಡು ಮಣ್ಣಿನ ಮಡಕೆ ಸಾಕು. ದೊಡ್ಡ ಮಡಕೆಯೊಳಗೆ ಹೊಯಿಗೆ ಹಾಕಿ, ಅದರ ನಡುವೆ ಚಿಕ್ಕ ಮಡಕೆ ಕೂರಿಸಿ, ಹೊಯಿಗೆಯನ್ನು ದಿನಕ್ಕೆ ಎರಡು ಸಲ ನೀರು ಹಾಕಿ ಒದ್ದೆ ಮಾಡಿರಿ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚಿಕ್ಕ ಮಡಕೆಯಲ್ಲಿಟ್ಟು ಮುಚ್ಚಿರಿ. ಮಡಕೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಲೆಯಿಂದ ದೂರ ಇರಲಿ. ಈಗಿನ ಬಾಟಲಿಯನ್ನು ಮೇ 16ರಂದು ತೆರೆದಿದ್ದೇವೆ. ಮದ್ದು ಉಳಿದಿದ್ದರೂ ಜೂನ್ 13ರ ನಂತರ ಅದನ್ನು ಬಳಸಬೇಡಿ.

ಸಕ್ಕರೆ ಕೆಳಗಿಳಿದರೆ

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇರುವ ದೊಡ್ಡ ಅಪಾಯ ಇದು. ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು, ಕಣ್ಣು ಕತ್ತಲೆ, ತೊದಲು ಮಾತು, ಕಾರಣವಿಲ್ಲದ ಸಿಟ್ಟು — ಇವುಗಳಲ್ಲಿ ಒಂದು ಕಂಡರೂ ಕುಳಿತುಕೊಳ್ಳಿರಿ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ಇಳಿದಿದೆ ಎಂದರ್ಥ. ಮೀಟರ್ ಕೈಯಲ್ಲಿ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷದಲ್ಲಿ ಸರಿಯಾಗದಿದ್ದರೆ ಅಷ್ಟೇ ಮತ್ತೊಮ್ಮೆ ಕುಡಿಯಿರಿ. ಸರಿಯಾದ ಮೇಲೆ ಸ್ವಲ್ಪ ಅನ್ನ ಅಥವಾ ದೋಸೆ ತಿನ್ನಿರಿ. ಬೊಂಡದ ನೀರು ಈ ಹೊತ್ತಿಗೆ ಸಾಲದು, ಅದರಲ್ಲಿ ಸಕ್ಕರೆ ಕಡಿಮೆ.

ಪ್ರಜ್ಞೆ ತಪ್ಪಿದರೆ ಮನೆಯವರು ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿರಿ. ಇನ್ಸುಲಿನ್ ತೆಗೆದುಕೊಳ್ಳುವ ರೋಗಿ ಎಂದು ಮೊದಲೇ ಹೇಳಿರಿ.

ನಿಮ್ಮ ಮದ್ದಿನಲ್ಲಿ ಸಕ್ಕರೆ ಇಳಿಯುವ ಸಂಭವ ಹೆಚ್ಚಾಗಿ ಮಧ್ಯಾಹ್ನದ ಊಟದ ಮೊದಲು ಮತ್ತು ನಡುರಾತ್ರಿಯ ಮೇಲೆ. ಆದ್ದರಿಂದ 11 ಗಂಟೆಗೆ ಒಂದು ಹಿಡಿ ಬೇಯಿಸಿದ ಹೆಸರುಕಾಳು ಅಥವಾ ಒಂದು ಚಿಕ್ಕ ದೋಸೆ ತಿನ್ನಿರಿ. ಮಧ್ಯಾಹ್ನದ ಊಟ 1 ಗಂಟೆಗೆ ಆಗಲೇಬೇಕು. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರಿದರೆ ಎದ್ದು ಸಕ್ಕರೆ ನೋಡಿರಿ. ಅಂಗಿಯ ಜೇಬಿನಲ್ಲಿ ಸಕ್ಕರೆಯ ಚಿಕ್ಕ ಪೊಟ್ಟಣ ಯಾವಾಗಲೂ ಇರಲಿ, ಲುಂಗಿ ಉಟ್ಟು ತೋಟಕ್ಕೆ ಇಳಿಯುವಾಗಲೂ ಇರಲಿ.

ಅಡಿಕೆ ಮರ ಹತ್ತಬೇಡಿ. ಈ ವರ್ಷದ ಬೋರ್ಡೋ ಸಿಂಪಡಣೆಗೆ ಬೇರೆಯವರನ್ನು ಕರೆಯಿರಿ. ಮರದ ಮೇಲೆ ಕೈ ನಡುಗಿದರೆ ಕೆಳಗಿರುವವರು ಏನೂ ಮಾಡಲಾರರು. ನೆಲದ ಮೇಲಿನ ಕೆಲಸವನ್ನು ಗಾಯ ಮಾಯ್ದ ಮೇಲೆ ಮಾಡಬಹುದು.

ಊಟ, ವ್ರತ, ಜಾತ್ರೆ

ಕುಚ್ಚಲಕ್ಕಿ ಅನ್ನ ಬಿಡಬೇಕಾಗಿಲ್ಲ, ಪ್ರತಿದಿನ ಒಂದೇ ಅಳತೆಯಲ್ಲಿ ಇರಲಿ. ಗಂಜಿಯನ್ನೇ ಹೊಟ್ಟೆ ತುಂಬ ಕುಡಿಯುವ ಬದಲು ಬಸಳೆ, ಹರಿವೆ, ತೊಂಡೆಕಾಯಿ, ಹೆಸರುಕಾಳು ಹೆಚ್ಚಿರಲಿ. ಮೀನು ತಿನ್ನುವವರು ಸಾರು ಮಾಡಿದ ಬೂತಾಯಿ ತಿನ್ನಬಹುದು. ಚಹಾಕ್ಕೆ ಸಕ್ಕರೆಯೂ ಬೆಲ್ಲವೂ ಬೇಡ. ಇದು ಹಲಸು, ಮಾವಿನ ಕಾಲ. ಹಲಸಿನ ಹಣ್ಣು ಎರಡು ತೊಳೆಗಿಂತ ಹೆಚ್ಚು ಬೇಡ. ಏಕಾದಶಿ, ಒಪ್ಪತ್ತು ಮುಂತಾದ ವ್ರತಗಳನ್ನು ನಮ್ಮನ್ನು ಕೇಳದೆ ಹಿಡಿಯಬೇಡಿ. ಆಟಕ್ಕೋ ಕೋಲಕ್ಕೋ ಹೋಗಿ ನಿದ್ದೆಗೆಡುವುದಿದ್ದರೂ ಊಟದ ಹೊತ್ತು ತಪ್ಪಬಾರದು. ಶೇಂದಿ, ಸಾರಾಯಿ ಕುಡಿದರೆ ರಾತ್ರಿ ಸಕ್ಕರೆ ಇಳಿಯುತ್ತದೆ, ಮನೆಯವರು ಅದನ್ನು ಅಮಲೆಂದು ತಿಳಿದು ಸುಮ್ಮನಿದ್ದುಬಿಡುತ್ತಾರೆ. ಕುಡಿಯಬೇಡಿ.

ಜ್ವರ, ವಾಂತಿ ಬಂದರೆ

ಜ್ವರದಲ್ಲಿ ಊಟ ಕಡಿಮೆಯಾದರೂ ಸಕ್ಕರೆ ಏರಬಹುದು. ಆದುದರಿಂದ ನಿಮ್ಮಷ್ಟಕ್ಕೆ ಇನ್ಸುಲಿನ್ ನಿಲ್ಲಿಸಬೇಡಿ. ತೆಳು ಗಂಜಿ, ನೀರು ಆಗಾಗ ಕುಡಿಯಿರಿ. ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ವಾರ್ಡಿಗೆ ಫೋನ್ ಮಾಡಿ ಅಳತೆ ಕೇಳಿರಿ. ವಾಂತಿಯಾಗಿ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಸಕ್ಕರೆ ಎರಡು ಸಲ 300 ದಾಟಿದರೆ, ಏದುಸಿರು ಬಂದರೆ, ಕೂಡಲೇ ಆಸ್ಪತ್ರೆಗೆ ಬನ್ನಿರಿ.

ಕಾಲು

ಗಾಯದ ಡ್ರೆಸ್ಸಿಂಗನ್ನು ದಿನ ಬಿಟ್ಟು ದಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮಾಡಿಸಿರಿ. ಗಾಯ ನೆನೆಯಬಾರದು. ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿರಿ. ನಿಮ್ಮ ಪಾದಕ್ಕೆ ಸ್ಪರ್ಶ ಕಡಿಮೆಯಾಗಿದೆ, ಮುಳ್ಳು ಚುಚ್ಚಿದ್ದು ಮೊದಲ ಸಲ ನಿಮಗೆ ತಿಳಿಯದೆ ಹೋದುದು ಅದರಿಂದಲೇ. ಪ್ರತಿ ಸಂಜೆ ಹೆಂಡತಿಯವರು ಎರಡೂ ಪಾದಗಳನ್ನು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಲಿ. ಕೆಂಪು, ಊತ, ಕೀವು, ಕಪ್ಪು ಬಣ್ಣ ಅಥವಾ ದುರ್ವಾಸನೆ ಕಂಡರೆ ಅದೇ ದಿನ ಬನ್ನಿರಿ. ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ಬಿಸಿನೀರಿನಲ್ಲಿ ಕಾಲು ಇಡಬೇಡಿ.

ಲೆಕ್ಕ ಮತ್ತು ಮುಂದಿನ ಭೇಟಿ

ಎರಡು ವಾರ ಪ್ರತಿದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಮತ್ತು ರಾತ್ರಿ ಊಟದ ಮೊದಲು ಸಕ್ಕರೆ ನೋಡಿ ಪುಸ್ತಕದಲ್ಲಿ ಬರೆಯಿರಿ. 80ರಿಂದ 130ರವರೆಗೆ ಇದ್ದರೆ ಒಳ್ಳೆಯದು. ಇನ್ಸುಲಿನ್ ಹೊತ್ತಿಗೆ 70ಕ್ಕಿಂತ ಕಡಿಮೆ ಕಂಡರೆ ಮೊದಲು ಸಕ್ಕರೆ ನೀರು ಕುಡಿಯಿರಿ, ಫೋನ್ ಮಾಡಿ ಕೇಳಿದ ಮೇಲೆ ಚುಚ್ಚಿರಿ. ಒಂದು ವಾರದಲ್ಲಿ ಎರಡು ಸಲ ಸಕ್ಕರೆ ಇಳಿದರೆ ಅಳತೆ ಬದಲಿಸಬೇಕಾಗುತ್ತದೆ, ಮುಂದಿನ ಭೇಟಿಯವರೆಗೆ ಕಾಯಬೇಡಿ.

ಮೇ 27, ಮಂಗಳವಾರ, ಬೆಳಿಗ್ಗೆ 10 ಗಂಟೆಗೆ ಇಲ್ಲಿಗೆ ಬನ್ನಿರಿ. ಇನ್ಸುಲಿನ್ ಚುಚ್ಚಿ ತಿಂಡಿ ತಿಂದೇ ಹೊರಡಿ. ಹೆಂಡತಿಯವರು ಅಥವಾ ಮಗ ಜೊತೆಗಿರಲಿ. ಈ ಕಾಗದ, ಲೆಕ್ಕದ ಪುಸ್ತಕ, ಮೀಟರ್, ಬಳಸುತ್ತಿರುವ ಬಾಟಲಿ ಮತ್ತು ಒಂದು ಹೊಸ ಸಿರಿಂಜ್ ತನ್ನಿರಿ. ತುಂಬುವುದನ್ನು ಇನ್ನೊಮ್ಮೆ ನೋಡುತ್ತೇವೆ.